‘ಫೋಟೋ ಹೋಯ್ತು’ ಅಂದರೆ ಎಲ್ಲಿಗೆ ಹೋಯ್ತು? ಅರ್ಥವಾಗದ ಪ್ರಶ್ನೆಯನ್ನು ಮೆಲ್ಲಗೆ ಬಿಡಿಸುವ ಬಗೆ

ದೊಡ್ಡಮ್ಮನ ಕೈಗೆ ಮೊದಲ ಸ್ಮಾರ್ಟ್‌ಫೋನು ಬಂದು ಮೂರು ವಾರ ಆಗಿತ್ತು. ಒಂದು ಮಧ್ಯಾಹ್ನ ಫೋನ್ ಮಾಡಿ, ‘ಪುಟ್ಟಾ, ಮಗು ಫೋಟೋ ಹೋಯ್ತು ಕಣೋ’ ಅಂದರು. ದನಿಯಲ್ಲಿ ಗಾಬರಿ ಇತ್ತು.

ನಾನು ಅಳಿಸಿಹೋಗಿದೆ ಅಂದುಕೊಂಡೆ. ಗ್ಯಾಲರಿ ತೆಗೆಸಿದೆ. ಅಳಿಸಿದ ಫೋಟೋಗಳು ಕೆಲವು ದಿನ ಉಳಿಯುವ ಬಿನ್ ಹುಡುಕಿಸಿದೆ. ಅದು ಎಲ್ಲಿದೆ ಅಂತ ಹೇಳೋದಕ್ಕೇ ಹತ್ತು ನಿಮಿಷ ಹಿಡಿಯಿತು. ಬಿನ್ ಖಾಲಿ. ಇಪ್ಪತ್ತು ನಿಮಿಷ ಆದಮೇಲೆ ಸುಮ್ನೆ ಒಂದು ಸಲ ಕೇಳಿದೆ, ‘ಗ್ಯಾಲರಿಯಲ್ಲಿ ಮೊದಲನೇ ಫೋಟೋ ಯಾವುದಿದೆ ದೊಡ್ಡಮ್ಮ?’

‘ಅದೇ, ಮಗೂದು.’

‘ಇಲ್ಲೇ ಇದೆಯಲ್ಲ ಹಾಗಾದ್ರೆ!’

‘ಇರೋದು ನಂಗೂ ಗೊತ್ತು. ಹೋಯ್ತಲ್ಲ, ಅದಕ್ಕೇ ನಿಂಗೆ ಫೋನ್ ಮಾಡಿದ್ದು.’

ಮಗು ಸ್ನಾನ ಮಾಡುತ್ತಿದ್ದ ಫೋಟೋ ಅದು. ಮಗಳಿಗೆ ಕಳಿಸಲು ಹೋಗಿ, ಹಿಂದೆ ಜೊತೆಗೆ ಕೆಲಸ ಮಾಡಿದವರ ವಾಟ್ಸಾಪ್ ಗ್ರೂಪಿಗೆ ಕಳಿಸಿಬಿಟ್ಟಿದ್ದರು. ನಾನು ಬಿನ್ ಹುಡುಕಿಸುತ್ತಿದ್ದ ಆ ಇಪ್ಪತ್ತು ನಿಮಿಷದಲ್ಲಿ ಅರ್ಧ ಗ್ರೂಪು ಅದನ್ನು ನೋಡಿಯಾಗಿತ್ತು.

ದೊಡ್ಡಮ್ಮನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕರೆಂಟು ಹೋಯ್ತು, ಬಸ್ಸು ಹೋಯ್ತು, ಕನ್ನಡಕ ಹೋಯ್ತು, ಮೆಸೇಜು ಹೋಯ್ತು. ನಾಲ್ಕೂ ಕಡೆ ಒಂದೇ ‘ಹೋಯ್ತು’, ಆದರೆ ಒಂದು ನಿಂತದ್ದು, ಒಂದು ಹೊರಟದ್ದು, ಒಂದು ಕಳೆದದ್ದು, ಒಂದು ತಲುಪಿದ್ದು. ಎದುರೆದುರು ಕೂತಿದ್ದರೆ ಕೈ, ಕಣ್ಣು, ವಸ್ತು ಎಲ್ಲ ಸೇರಿ ಅರ್ಥ ತುಂಬಿಕೊಡುತ್ತವೆ. ಫೋನಿನಲ್ಲಿ ಬರುವುದು ಬರೀ ಮಾತು. ಹೊಸದಾಗಿ ಫೋನು ಹಿಡಿದ ಹಿರಿಯರಿಗೆ ಅದರ ಭಾಗಗಳ ಹೆಸರು ಗೊತ್ತಿರುವುದಿಲ್ಲ. ಹಾಗಾಗಿ ‘ಅದು’, ‘ಅಲ್ಲಿ’, ‘ಹೋಯ್ತು’, ‘ಬರ್ತಿಲ್ಲ’ ಇಷ್ಟರಲ್ಲೇ ಪೂರ್ತಿ ಕಷ್ಟ ಹೇಳಬೇಕಾಗುತ್ತದೆ. ಮಾತು ಕಲಿಯುತ್ತಿರುವ ಮಗುವಿನದೂ ಹೆಚ್ಚುಕಡಿಮೆ ಇದೇ ಪಾಡು.

ಆಮೇಲೆ ಎಷ್ಟೋ ಹಿರಿಯರಿಗೆ ಫೋನು ಹೇಳಿಕೊಟ್ಟಿದ್ದೇನೆ. ಅಲ್ಲಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇಡೀ ಲೇಖನಕ್ಕೆ ದೊಡ್ಡಮ್ಮನ ಆ ಫೋನ್ ಕರೆಯೇ ಉದಾಹರಣೆ.

ಮೊದಲು: ‘ಆಂ? ಏನು?’ ಅನ್ನಬೇಡಿ

ಅರ್ಥವಾಗದಾಗ ಬಾಯಿಗೆ ತಾನಾಗಿ ಬರುವುದು ‘ಆಂ?’ ಅನ್ನುವ ಸದ್ದು. ಇದು ಬರೀ ನಮ್ಮ ಅಭ್ಯಾಸ ಅಲ್ಲ. 12 ಭಾಷೆಗಳ ದಿನನಿತ್ಯದ ಮಾತುಕತೆಯನ್ನು ಹೋಲಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಾತನಾಡುತ್ತಿರುವಾಗ ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಇನ್ನೊಬ್ಬರನ್ನು ‘ಏನಂದೆ?’ ಎಂದು ಕೇಳುತ್ತಾರೆ ಅಂತ ಅದರಲ್ಲಿ ಕಂಡುಬಂತು. ಅಂದರೆ ಮಾತು ಅರ್ಥವಾಗದೆ ಹೋಗುವುದು ಮಾತಿನ ಸಹಜ ಭಾಗವೇ. ಅದರ ಬಗ್ಗೆ ಮುಜುಗರ ಬೇಕಿಲ್ಲ.

ತೊಂದರೆ ಬೇರೆ ಇದೆ. ‘ಆಂ?’ ಅಂದರೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ, ಯಾವ ಪದ ಅರ್ಥವಾಗಲಿಲ್ಲವೋ ಎದುರಿನವರಿಗೆ ತಿಳಿಯುವುದಿಲ್ಲ. ಹಾಗಾಗಿ ಅದೇ ವಾಕ್ಯವನ್ನು ಜೋರಾಗಿ ಹೇಳುತ್ತಾರೆ. ‘ಫೋಟೋ ಹೋಯ್ತು!’ ನಿಮಗೆ ಮತ್ತೂ ಗೊತ್ತಾಗಲಿಲ್ಲ, ಅವರಿಗೆ ಬೇಜಾರಾಯಿತು, ಅಷ್ಟೇ ಲಾಭ.

ಅದರ ಬದಲು, ಅರ್ಥವಾದ ಭಾಗವನ್ನು ಅವರದೇ ಪದದಲ್ಲಿ ತಿರುಗಿ ಹೇಳಿ, ಅರ್ಥವಾಗದ ಒಂದೇ ಒಂದು ಜಾಗಕ್ಕೆ ಪ್ರಶ್ನೆ ಹಾಕಿ. ‘ಮಗು ಫೋಟೋ, ಸರಿ. ಎಲ್ಲಿಂದ ಹೋಯ್ತು ದೊಡ್ಡಮ್ಮ?’ ಅಥವಾ ‘ಎಲ್ಲಿಗೆ ಹೋಯ್ತು?’

ಈ ‘ಎಲ್ಲಿಂದ’, ‘ಎಲ್ಲಿಗೆ’ ಎರಡನ್ನೂ ಜೇಬಿನಲ್ಲಿಟ್ಟುಕೊಳ್ಳಿ. ಕಳೆದುಹೋದದ್ದಕ್ಕೆ ‘ಎಲ್ಲಿಂದ’ ಹೊಂದುತ್ತದೆ, ಕಳಿಸಿದ್ದಕ್ಕೆ ‘ಎಲ್ಲಿಗೆ’ ಹೊಂದುತ್ತದೆ. ಅವತ್ತು ನಾನು ‘ಎಲ್ಲಿಗೆ ಹೋಯ್ತು?’ ಅಂದಿದ್ದರೆ ‘ಅಯ್ಯೋ, ಆ ಗ್ರೂಪಿಗೆ ಕಣೋ’ ಅನ್ನುತ್ತಿದ್ದರು, ಒಂದೇ ಉಸಿರಿಗೆ. ‘ಬರ್ತಿಲ್ಲ’ ಅನ್ನುವವರಿಗೂ ಇದೇ ಉಪಾಯ. ‘ಏನು ಬರಬೇಕಿತ್ತು, ಎಲ್ಲಿ ಬರಬೇಕಿತ್ತು?’ ಅಂತ ಕೇಳಿದರೆ ಸದ್ದು ಬರುತ್ತಿಲ್ಲವೋ, ಮೆಸೇಜು ಬರುತ್ತಿಲ್ಲವೋ, ಅವರಿಗೇ ಹೇಗೆ ಮಾಡುವುದೆಂದು ಬರುತ್ತಿಲ್ಲವೋ ಗೊತ್ತಾಗುತ್ತದೆ. ಮೂರನೆಯದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಲ ಇರುತ್ತದೆ.

‘ಏನು ಮಾಡಿದ್ರಿ?’ ಬೇಡ, ‘ಏನು ಕಾಣ್ತಿದೆ?’ ಇರಲಿ

ನೀವು ಮಾಹಿತಿಗಾಗಿ ಕೇಳಿರುತ್ತೀರಿ. ಆದರೆ ಕನ್ನಡದಲ್ಲಿ ‘ಏನು ಮಾಡಿದೆ?’ ಅನ್ನುವುದು ಹಾಲು ಚೆಲ್ಲಿದ ಮಗುವಿಗೆ ಹೇಳುವ ಮಾತು. ಹಿರಿಯರಿಗೂ ಅದು ಬೈಗುಳದ ಹಾಗೇ ಕೇಳುತ್ತದೆ. ಉತ್ತರವೂ ಹಾಗೇ ಬರುತ್ತದೆ: ‘ನಾನೇನೂ ಮಾಡಿಲ್ಲಪ್ಪ, ತಾನಾಗೇ ಆಯ್ತು.’ ಇದು ಸುಳ್ಳೂ ಅಲ್ಲ. ಬೆರಳು ಎಲ್ಲಿ ತಾಗಿತು ಅಂತ ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಹೊಸಬರು ಐಕಾನ್ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಇಟ್ಟುಬಿಡುತ್ತಾರೆ. ತಟ್ಟಿದರೆ ಆಗುವುದೇ ಬೇರೆ, ಒತ್ತಿ ಹಿಡಿದರೆ ಆಗುವುದೇ ಬೇರೆ. ಆ ವ್ಯತ್ಯಾಸ ಇದೆ ಅನ್ನುವುದೇ ಅವರಿಗೆ ಹೊಸತು.

‘ಯಾಕೆ’ ಕೂಡ ಹಾಗೇ. ‘ಯಾಕೆ ಅದನ್ನ ಒತ್ತಿದ್ರಿ?’ ಅನ್ನುವ ಪ್ರಶ್ನೆಗೆ ಉಪಯೋಗಕ್ಕೆ ಬರುವ ಉತ್ತರ ಇದುವರೆಗೆ ನನಗೆ ಸಿಕ್ಕಿಲ್ಲ.

ಮಾಡಿದವರ ಬಗ್ಗೆ ಕೇಳುವುದನ್ನು ಬಿಟ್ಟು ಫೋನಿನ ಬಗ್ಗೆ ಕೇಳಿ. ‘ಈಗ ಫೋನು ಏನು ತೋರಿಸ್ತಿದೆ?’ ಇಲ್ಲೂ ಒಂದು ಬಲೆ ಇದೆ. ನಾನು ಹೀಗೆ ಕೇಳಿದಾಗ ಒಬ್ಬ ಹಿರಿಯರು, ‘ನಿಮ್ಮ ಹೆಸರು ತೋರಿಸ್ತಿದೆ, ಕೆಳಗೊಂದು ಕೆಂಪು ಗುಂಡಿ’ ಅಂದರು. ಹೌದಲ್ಲ! ಅದೇ ಫೋನಿನಲ್ಲಿ ನನ್ನ ಜೊತೆ ಮಾತನಾಡುತ್ತಿದ್ದಾರೆ, ಪರದೆ ಮೇಲೆ ಇರುವುದು ಕರೆಯ ಚಿತ್ರವೇ. ಅದೂ ಅಲ್ಲದೆ ಫೋನು ಕಿವಿಯ ಹತ್ತಿರ ಇದ್ದರೆ ನೋಡುವುದು ಹೇಗೆ, ಕಣ್ಣಿನ ಮುಂದೆ ಹಿಡಿದರೆ ಕೇಳುವುದು ಹೇಗೆ?

ಸ್ಪೀಕರ್ ಹಾಕಲು ಬರುವವರಾದರೆ ಹಾಕಿಸಿ. ಬಾರದವರಿಗೆ ಅದನ್ನು ಕಲಿಸಲು ಈಗ ಹೋಗಬೇಡಿ, ಒಂದು ತೊಂದರೆ ಎರಡಾಗುತ್ತದೆ. ಅವರಿಗೆ ನಾನು ಹೇಳುವುದು ಇಷ್ಟೇ: ‘ಈಗ ಫೋನ್ ಇಟ್ಬಿಡಿ. ಆ ಫೋಟೋ ಇರೋ ಜಾಗಕ್ಕೆ ಹೋಗಿ ನೋಡಿ. ಮೇಲ್ಗಡೆ ಏನು ಬರೆದಿದೆ ಅನ್ನೋದು ಒಂದನ್ನೇ ಓದ್ಕೊಳ್ಳಿ. ಐದು ನಿಮಿಷ ಬಿಟ್ಟು ನಾನೇ ಮಾಡ್ತೀನಿ.’ ‘ನಾನೇ ಮಾಡ್ತೀನಿ’ ಅನ್ನುವುದನ್ನು ಮರೆಯಬೇಡಿ. ತಿರುಗಿ ಮಾಡಿ ತೊಂದರೆ ಕೊಡುವುದು ಹೇಗೆ ಅಂತ ಎಷ್ಟೋ ಹಿರಿಯರು ಹಾಗೇ ಬಿಟ್ಟುಬಿಡುತ್ತಾರೆ.

ಕಾಣುವುದನ್ನು ಕೇಳುವಾಗ ಹೆಸರು ಹೇಳಬೇಡಿ. ಬಣ್ಣ, ಆಕಾರ, ಜಾಗ ಹೇಳಿ. ‘ಮೆನು ತೆಗೀರಿ’ ಅನ್ನುವ ಬದಲು ‘ಬಲಗಡೆ ಮೇಲಿನ ಮೂಲೇಲಿ ಒಂದರ ಕೆಳಗೊಂದು ಮೂರು ಚುಕ್ಕಿ ಇದೆಯಾ ನೋಡಿ’ ಅನ್ನಿ. ಅವರೇ ಒಂದು ಹೆಸರಿಟ್ಟಿದ್ದರೆ ಅದನ್ನೇ ನೀವೂ ಬಳಸಿ. ದೊಡ್ಡಮ್ಮ ವಾಟ್ಸಾಪಿಗೆ ‘ಹಸಿರು ಫೋನು’ ಅನ್ನುತ್ತಾರೆ. ನಾನೂ ಹಸಿರು ಫೋನು ಅಂತಲೇ ಅನ್ನುತ್ತೇನೆ. ಸರಿಯಾದ ಹೆಸರು ಕಲಿಸುವುದಕ್ಕೆ ಇನ್ನೊಂದು ದಿನ ಇದೆ.

ಒಂದು ಸಲಕ್ಕೆ ಒಂದೇ ಪ್ರಶ್ನೆ, ಅದರಲ್ಲಿ ಎರಡು ಬಾಗಿಲು

‘ಡಿಲೀಟ್ ಆಯ್ತಾ, ಕಾಣ್ತಿಲ್ವಾ, ಅಥವಾ ಯಾರಿಗಾದ್ರೂ ಕಳಿಸಿದ್ರಾ, ಗ್ಯಾಲರೀಲಿ ನೋಡಿದ್ರಾ?’ ಅಂತ ಸಾಲಾಗಿ ಕೇಳಿದರೆ ಎದುರಿನವರ ನೆನಪಿನಲ್ಲಿ ಉಳಿಯುವುದು ಕೊನೆಯದು ಮಾತ್ರ. ಅದಕ್ಕೆ ‘ಹೂಂ’ ಅಂದುಬಿಡುತ್ತಾರೆ.

ಎರಡು ಆಯ್ಕೆ ಕೊಡಿ, ಎರಡೂ ಅವರ ಕಣ್ಣಿಗೆ ಕಾಣುವಂಥದ್ದಾಗಿರಲಿ. ಕೊನೆಯಲ್ಲಿ ಮೂರನೇ ದಾರಿಯನ್ನೂ ಬಿಡಿ. ‘ಫೋಟೋ ಹುಡುಕಿದ್ರೆ ಸಿಗ್ತಿಲ್ವೋ, ಇಲ್ಲಾ ಬೇರೆ ಯಾರಿಗೋ ಹೋಗ್ಬಿಟ್ಟಿದೆಯೋ? ಎರಡೂ ಅಲ್ಲ ಅಂದ್ರೂ ಹೇಳಿ.’ ಕೊನೆಯ ಆ ಸಾಲು ಮುಖ್ಯ. ಅದಿಲ್ಲದಿದ್ದರೆ, ಇವನು ಎರಡು ಹೇಳಿದ್ದಾನೆ, ಇವೆರಡರಲ್ಲೇ ಒಂದಿರಬೇಕು ಅಂದುಕೊಂಡು ಹತ್ತಿರದ್ದೊಂದನ್ನು ಆರಿಸಿಕೊಳ್ಳುತ್ತಾರೆ.

‘ಇಲ್ಲ’ ಸೇರಿಸಿ ಕೇಳುವ ಪ್ರಶ್ನೆ ಬೇಡವೇ ಬೇಡ. ‘ಫೋಟೋ ಕಾಣ್ತಿಲ್ವಾ?’ ಅಂದಾಗ ಒಬ್ಬರು ‘ಹೂಂ’ ಅನ್ನುತ್ತಾರೆ, ಹೂಂ, ಕಾಣುತ್ತಿಲ್ಲ ಅಂತ. ಇನ್ನೊಬ್ಬರು ‘ಇಲ್ಲ’ ಅನ್ನುತ್ತಾರೆ, ಅವರಿಗೂ ಕಾಣುತ್ತಿಲ್ಲ. ಮತ್ತೊಬ್ಬರು ‘ಹೂಂ’ ಅಂದು ಕಾಣುತ್ತಿದೆ ಅನ್ನುವ ಅರ್ಥದಲ್ಲಿರುತ್ತಾರೆ. ನಿಮಗೆ ಕೇಳಿಸಿದ್ದು ಒಂದೊಂದು ಪದ. ‘ಫೋಟೋ ಕಾಣ್ತಿದೆಯಾ?’ ಅಂತ ನೇರವಾಗಿ ಕೇಳಿದರೆ ಈ ಗೊಂದಲವೇ ಇರುವುದಿಲ್ಲ.

‘ಹೂಂ’ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಾರಲ್ಲ, ಆ ‘ಹೂಂ’ಗೆ ಅರ್ಥ ‘ಕೇಳ್ತಾ ಇದೀನಿ, ಮುಂದೆ ಹೇಳು’ ಅಂತ. ಫೋನಿನಲ್ಲಿ ಹಿರಿಯರು ಹೇಳುವ ‘ಹೂಂ’ಗಳಲ್ಲಿ ಬಹುಪಾಲು ಇಂಥವು. ‘ಸಿಕ್ತಾ?’ ‘ಹೂಂ.’ ‘ಒತ್ತಿದ್ರಾ?’ ‘ಹೂಂ.’ ಏನೂ ಸಿಕ್ಕಿಲ್ಲ, ಏನೂ ಒತ್ತಿಲ್ಲ. ಹಾಗಾಗಿ ಹೂಂ ಅಂತ ಉತ್ತರಿಸಲು ಆಗದ ಪ್ರಶ್ನೆ ಕೇಳಿ. ‘ಒತ್ತಿದ ಮೇಲೆ ಏನು ಬಂತು?’ ಅಂದರೆ, ಬಂದಿದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ‘ಇರು, ಇನ್ನೂ ಒತ್ತಿಲ್ಲ’ ಅನ್ನುತ್ತಾರೆ.

ಕೇಳಿದ ಮೇಲೆ ಸುಮ್ಮನಿರಿ

ಇದು ನನಗೆ ಇವತ್ತಿಗೂ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಕೊಡದೆ ಕೂರುವವರು ಕಡಿಮೆಯಾದರು. ಹಿರಿಯರು ಪರದೆಯಲ್ಲಿ ಏನಾದರೂ ಹುಡುಕಬೇಕಾದಾಗ ಮೂರು ಸೆಕೆಂಡೂ ಸಾಲದು. ನಾನು ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತೇನೆ. ಆ ಕಡೆಯಿಂದ ಗೊಣಗುವುದು ಕೇಳಿಸುತ್ತಿದ್ದರೆ ಇನ್ನೂ ಹುಡುಕುತ್ತಿದ್ದಾರೆ ಅಂತ ಅರ್ಥ. ನಡುವೆ ಬಾಯಿ ಹಾಕಿದರೆ ಮೊದಲಿನಿಂದ ಶುರು.

ಉತ್ತರ ಬರಲಿಲ್ಲ ಅಂದರೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ ನೋಡಿ. ಕೇಳಿಸದಿದ್ದರೆ ಅದೇ ಮಾತನ್ನು ನಿಧಾನಕ್ಕೆ, ಬಿಡಿಸಿ ಹೇಳಿ. ಕಿರುಚಬೇಡಿ. ವಯಸ್ಸಾದ ಹಾಗೆ ಮೊದಲು ಮಂದವಾಗುವುದು ತೀಕ್ಷ್ಣ ಸದ್ದುಗಳು. ಸ, ಶ, ಫ ಥರದ ಅಕ್ಷರಗಳು ಮಾಸಿಹೋಗುತ್ತವೆ, ದನಿ ಕೇಳಿಸುತ್ತದೆ ಆದರೆ ಪದ ಹಿಡಿಯುವುದಿಲ್ಲ. ಜೋರು ಮಾಡಿದರೆ ದನಿ ದೊಡ್ಡದಾಗುತ್ತದೆಯೇ ಹೊರತು ಪದ ತಿಳಿಯಾಗುವುದಿಲ್ಲ. ಅರ್ಥವಾಗದಿದ್ದರೆ ಮಾತ್ರ ಪದ ಬದಲಿಸಿ. ಕೇಳಿಸದವರಿಗೆ ಪ್ರತಿ ಸಲ ಹೊಸ ವಾಕ್ಯ ಹೇಳಿದರೆ ಅವರು ಪ್ರತಿ ಸಲವೂ ಮೊದಲಿನಿಂದ ಹಿಡಿಯಬೇಕಾಗುತ್ತದೆ.

ಆ ಕರೆ ಹೀಗೆ ನಡೆಯಬೇಕಿತ್ತು

ಈಚೆಗೆ ಇನ್ನೊಬ್ಬ ಹಿರಿಯರಿಗೆ ಇಂಥದ್ದೇ ಆಯಿತು. ಅವರಿಗೆ ಸ್ಪೀಕರ್ ಹಾಕಲು ಬರುತ್ತಿತ್ತು. ಅಷ್ಟು ಹೊತ್ತಿಗೆ ನಾನೂ ಸ್ವಲ್ಪ ಸುಧಾರಿಸಿದ್ದೆ. ನೆನಪಿದ್ದಷ್ಟು ಬರೆಯುತ್ತೇನೆ.

‘ಮೇಷ್ಟ್ರೇ, ಅದು ಹೋಗ್ಬಿಡ್ತು, ವಾಪಸ್ ತರಕ್ಕಾಗುತ್ತಾ?’

‘ಏನು ಹೋಯ್ತು ಅಜ್ಜಿ?’

‘ಅದೇ, ನಮ್ಮ ರಿಪೋರ್ಟು. ಡಾಕ್ಟ್ರದ್ದು.’

‘ರಿಪೋರ್ಟು, ಸರಿ. ಎಲ್ಲಿಗೆ ಹೋಯ್ತು?’

‘ಅಯ್ಯೋ ಅದೇ ಗೊತ್ತಾಗ್ತಿಲ್ಲ ನೋಡಿ.’

ಇಲ್ಲಿ ಎರಡು ದಾರಿ ಇದೆ. ಎಲ್ಲಿಗೆ ಹೋಯಿತೋ ಗೊತ್ತಿಲ್ಲ ಅಂದರೆ ಕಳೆದಿರಬಹುದು, ಯಾರಿಗೆ ಹೋಯಿತೋ ಗೊತ್ತಿಲ್ಲದೆಯೂ ಇರಬಹುದು. ಹಳೆಯ ನಾನಾಗಿದ್ದರೆ ಹುಡುಕಲು ಹೊರಡುತ್ತಿದ್ದೆ.

‘ರಿಪೋರ್ಟು ಈಗ ನಿಮ್ಮ ಕಣ್ಣಿಗೆ ಕಾಣ್ತಿದೆಯಾ?’

‘ಕಾಣ್ತಿದೆ.’

‘ಸರಿ. ಅದು ಪರದೆಯ ಎಡಗಡೆಗೆ ಅಂಟಿಕೊಂಡಿದೆಯೋ, ಬಲಗಡೆಗೋ? ನಿಧಾನಕ್ಕೆ ನೋಡಿ.’

ಈ ಪ್ರಶ್ನೆ ಯಾಕೆ ಅಂದರೆ, ವಾಟ್ಸಾಪಿನಲ್ಲಿ ನಮಗೆ ಬಂದದ್ದು ಎಡಗಡೆ ಇರುತ್ತದೆ, ನಾವು ಕಳಿಸಿದ್ದು ಬಲಗಡೆ ಇರುತ್ತದೆ. ಕಳಿಸಿದ್ರಾ ಅಂತ ಕೇಳಿದರೆ ‘ಇಲ್ಲಪ್ಪ, ನಾನು ಕಳಿಸಿಲ್ಲ’ ಅನ್ನುತ್ತಾರೆ. ಎಡವೋ ಬಲವೋ ಅಂದರೆ ಯಾರ ತಪ್ಪೂ ಅಲ್ಲ.

‘ಬಲಗಡೆ.’

‘ಹಾಗಾದ್ರೆ ಅದು ನಿಮ್ಮ ಫೋನಿಂದ ಯಾರಿಗೋ ಹೋಗಿದೆ. ಮೇಲ್ಗಡೆ, ಎಲ್ಲಕ್ಕಿಂತ ಮೇಲೆ, ಒಂದು ಹೆಸರಿದೆ. ಅದನ್ನ ಓದ್ತೀರಾ?’

ಓದಿದರು. ಯೋಗದ ಗ್ರೂಪು.

‘ನಾನು ಅಂದ್ಕೊಂಡದ್ದು ಹೇಳ್ತೀನಿ, ಸರಿನಾ ನೋಡಿ. ರಿಪೋರ್ಟು ಕಳೆದಿಲ್ಲ. ಅದು ಯೋಗದವರ ಗ್ರೂಪಿಗೆ ಹೋಗಿದೆ, ಅವರು ಯಾರೂ ಅದನ್ನ ನೋಡಬಾರದು. ಅದನ್ನ ಅಲ್ಲಿಂದ ತೆಗೀಬೇಕು. ಇದೇನಾ?’

‘ಇದೇ, ಇದೇ!’

ಈ ಒಂದು ಮಾತು ಸಿಗುವವರೆಗೆ ಯಾವ ಗುಂಡಿಯನ್ನೂ ಒತ್ತಿಸಬೇಡಿ. ಬರೀ ‘ಹೂಂ’ ಬಂದರೆ ಸಾಲದು. ಸರಿಯಾದ ಜಾಗಕ್ಕೆ ತಾಗಿದಾಗ ದನಿಯೇ ಬದಲಾಗುತ್ತದೆ, ಅವರು ನಿಮ್ಮ ಮಾತಿಗೆ ತಾವೇ ಏನಾದರೂ ಸೇರಿಸುತ್ತಾರೆ. ಅನುಮಾನ ಇದ್ದರೆ ‘ನಾನು ಸರಿಯಾಗಿ ಕೇಳಿಸ್ಕೊಂಡಿದೀನೋ ಇಲ್ವೋ, ನೀವೇ ಇನ್ನೊಂದ್ಸಲ ಹೇಳಿಬಿಡಿ’ ಅನ್ನಿ. ಪರೀಕ್ಷೆ ನಿಮಗೆ, ಅವರಿಗಲ್ಲ. ‘ಗೊತ್ತಾಯ್ತಾ?’ ಅಂತ ಕೇಳಿದರೆ ಪರೀಕ್ಷೆ ಅವರಿಗೆ. ಗೊತ್ತಾಗಲಿಲ್ಲ ಅಂತ ಹೇಳುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮುಂದಿನದು ಸುಲಭ, ಒಂದು ಅಪಾಯ ಬಿಟ್ಟರೆ. ‘ರಿಪೋರ್ಟಿನ ಮೇಲೆ ಬೆರಳಿಡಿ. ತೆಗೀಬೇಡಿ. ಒಂದು, ಎರಡು, ಮೂರು ಎಣಿಸಿ. ಈಗ ಮೇಲ್ಗಡೆ ಸಣ್ಣದೊಂದು ಕಸದ ಬುಟ್ಟಿ ಬಂತಾ? ಅದನ್ನ ಒಂದ್ಸಲ ತಟ್ಟಿ. ಈಗ ಏನೇನು ಬರೆದಿದೆ, ನನಗೆ ಓದಿ ಹೇಳಿ. ಯಾವುದನ್ನೂ ಮುಟ್ಟಬೇಡಿ.’ ಅಲ್ಲಿ Delete for everyone ಮತ್ತು Delete for me ಎಂಬ ಎರಡು ಸಾಲು ಬರುತ್ತವೆ. ಎರಡನೆಯದನ್ನು ಒತ್ತಿದರೆ ಅಜ್ಜಿಯ ಫೋನಿನಿಂದ ಮಾತ್ರ ಹೋಗುತ್ತದೆ, ಗ್ರೂಪಿನಲ್ಲಿ ಹಾಗೇ ಉಳಿಯುತ್ತದೆ. ಆಮೇಲೆ ಅಜ್ಜಿಗೆ ಅದನ್ನು ತೆಗೆಯುವ ದಾರಿಯೂ ಕಾಣುವುದಿಲ್ಲ. ತಪ್ಪಿ ಒತ್ತಿದರೆ ಕೆಲವೇ ಸೆಕೆಂಡು Undo ಅಂತ ತೋರಿಸುತ್ತದೆ, ಅಷ್ಟರೊಳಗೆ ಅದನ್ನು ತಟ್ಟಬೇಕು. ಮುಟ್ಟುವ ಮೊದಲು ಓದಿಸಿಕೊಳ್ಳುವುದು ಇದಕ್ಕೇ. ಇಂಗ್ಲಿಷು ಓದಲು ಬಾರದವರಾದರೆ ಅಂದಾಜಿನಲ್ಲಿ ಒತ್ತಿಸಬೇಡಿ, ಓದಬಲ್ಲ ಯಾರಾದರೂ ಹತ್ತಿರ ಬರಲಿ. ಎಲ್ಲರಿಗೂ ಅಳಿಸುವ ಅವಕಾಶ ಕಳಿಸಿ ಎರಡು ದಿನ ದಾಟುವವರೆಗೂ ಇರುತ್ತದೆ. ಆದರೆ ಈಗಾಗಲೇ ನೋಡಿದವರ ಕಣ್ಣಿನಿಂದ ಅಳಿಸಲು ಆಗುವುದಿಲ್ಲ, ಅದನ್ನೂ ಅಜ್ಜಿಗೆ ಮೊದಲೇ ಹೇಳಿದೆ.

ಐದು ಪ್ರಶ್ನೆ, ಸುಮಾರು ನಾಲ್ಕು ನಿಮಿಷ. ದೊಡ್ಡಮ್ಮನ ಕರೆಯ ದಿನ ನನಗೆ ಬೇಕಾಗಿದ್ದುದೂ ಇಷ್ಟೇ.

ಕೇಳುವವರು ಮಗುವಾದರೆ

ರಾತ್ರಿ ಕಾರಿನಲ್ಲಿ ಹೋಗುತ್ತಿದ್ದೆವು. ಅಕ್ಕನ ಐದು ವರ್ಷದ ಮಗಳು ಕಿಟಕಿಯಲ್ಲಿ ನೋಡುತ್ತಾ, ‘ಮಾಮಾ, ಚಂದ್ರ ಯಾಕೆ ಬರ್ತಾನೆ?’ ಅಂದಳು. ಭೂಮಿ ತಿರುಗುತ್ತದೆ, ರಾತ್ರಿಯಾಗುತ್ತದೆ ಅಂತ ನಾನು ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿ, ಮತ್ತೆ ಅದೇ ಪ್ರಶ್ನೆ ಕೇಳಿದಳು.

ಮಗು ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ತಿರುಗಿ ಕೇಳಿತು ಅಂದರೆ, ನೀವು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಟ್ಟಿರುವ ಸಾಧ್ಯತೆ ಜಾಸ್ತಿ. ‘ಚಂದ್ರ ಎಲ್ಲಿಗೆ ಬರ್ತಾನೆ ಪುಟ್ಟಿ?’ ಅಂದೆ. ‘ನಮ್ಜೊತೆ! ಮರ ಎಲ್ಲ ಹಿಂದೆ ಹೋಗ್ತಿದೆ, ಚಂದ್ರ ಮಾತ್ರ ಬರ್ತಾನೆ!’ ಅಂದಳು. ಎಂಥ ಒಳ್ಳೆ ಪ್ರಶ್ನೆ ಅಲ್ವಾ? ಉತ್ತರವೂ ಅವಳು ನೋಡಿದ್ದರಲ್ಲೇ ಇತ್ತು. ಹತ್ತಿರದ ಮರ ಬೇಗ ಹಿಂದೆ ಸರಿಯುತ್ತದೆ, ದೂರದ ಬೆಟ್ಟ ನಿಧಾನಕ್ಕೆ ಸರಿಯುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ನಾವು ಎಷ್ಟು ಹೋದರೂ ಅವನು ಸರಿದ ಹಾಗೆ ಕಾಣುವುದಿಲ್ಲ. ಅವಳಿಗೆ ಹೇಳಿದ್ದು ‘ತುಂಬಾ ತುಂಬಾ ದೂರ, ಆ ಬೆಟ್ಟಕ್ಕಿಂತ ದೂರ’ ಅಂತ ಮಾತ್ರ.

‘ಹೋಯ್ತು’ಗೆ ಕೆಲಸ ಮಾಡಿದ ‘ಎಲ್ಲಿಗೆ’ ಇಲ್ಲೂ ಕೆಲಸ ಮಾಡಿತು. ಆದರೆ ಎರಡು ಕಡೆ ಮಗುವಿನ ಜೊತೆ ಬೇರೆ ದಾರಿ ಹಿಡಿಯಬೇಕು.

ಮೊದಲನೆಯದು, ಹೌದು-ಅಲ್ಲ ಪ್ರಶ್ನೆ. 1980ರಲ್ಲಿ ಹ್ಯೂಸ್ ಮತ್ತು ಗ್ರೀವ್ ಎಂಬ ಸಂಶೋಧಕರು ಐದು ಮತ್ತು ಏಳು ವರ್ಷದ ಮಕ್ಕಳಿಗೆ ‘ಹಾಲು ನೀರಿಗಿಂತ ದೊಡ್ಡದಾ?’ ಎಂಬಂಥ ತಲೆಬುಡವಿಲ್ಲದ ಪ್ರಶ್ನೆಗಳನ್ನು ಕೇಳಿದರು. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಉತ್ತರ ಕೊಟ್ಟರು. ದೊಡ್ಡವರು ಕೇಳಿದ್ದಾರೆ ಅಂದಮೇಲೆ ಅದಕ್ಕೊಂದು ಅರ್ಥ ಇರಲೇಬೇಕು ಅಂತ ಮಕ್ಕಳು ಏನೋ ಒಂದು ಅರ್ಥ ಹಚ್ಚಿಕೊಳ್ಳುತ್ತಾರೆ. ಹಾಗಾಗಿ ‘ನೀನು ಕೇಳ್ತಿರೋದು ಇದಾ?’ ಅಂದರೆ ‘ಹೌದು’ ಅನ್ನುವುದು ಖಚಿತ, ಆ ಹೌದಿನಿಂದ ಏನೂ ತಿಳಿಯುವುದಿಲ್ಲ. ಹಿರಿಯರಿಗೆ ಎರಡು ಆಯ್ಕೆ ಕೊಡಿ ಅಂದೆನಲ್ಲ, ಚಿಕ್ಕ ಮಗುವಿಗೆ ಅದೂ ಅಷ್ಟು ಒಳ್ಳೆಯದಲ್ಲ. ‘ತೋರ್ಸು’ ಅನ್ನಿ. ಬೆರಳು ತೋರಲಿ, ಗೀಚಲಿ, ಗೊಂಬೆ ಇಟ್ಟು ಆಡಿ ತೋರಿಸಲಿ. ಪ್ರಶ್ನೆ ಕೇಳಲೇಬೇಕಾದರೆ ಮೊದಲೇ ‘ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ, ನಾನು ತಪ್ಪು ಹೇಳಿದ್ರೆ ಅಲ್ಲ ಅಂತ ಹೇಳ್ಬೇಕು, ಆಯ್ತಾ?’ ಅಂತ ಅನುಮತಿ ಕೊಟ್ಟಿಡಿ.

ಎರಡನೆಯದು, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದು. ಕೇಳಿಸದ ಹಿರಿಯರಿಗೆ ಅದು ಉಪಕಾರ. ಮಗು ಮಾತ್ರ, ಉತ್ತರ ಕೊಟ್ಟ ಮೇಲೆ ಮತ್ತೆ ಅದನ್ನೇ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಅಂತ ಮಾತು ಬದಲಿಸಿಬಿಡಬಹುದು. ಲೋಟದ ನೀರು, ಸಾಲಿನಲ್ಲಿಟ್ಟ ಬಿಲ್ಲೆಗಳಂಥವನ್ನು ತೋರಿಸಿ ‘ಎರಡೂ ಒಂದೇನಾ?’ ಅಂತ ಕೇಳುವ ಪ್ರಯೋಗಗಳಲ್ಲಿ ಇದು 1970ರ ದಶಕದಲ್ಲೇ ಕಂಡುಬಂದಿತ್ತು. ಒಂದೇ ಸಲ ಕೇಳಿದಾಗ ಮಕ್ಕಳು ಕಡಿಮೆ ತಪ್ಪು ಮಾಡಿದರು. ಮತ್ತೆ ಕೇಳುವುದು ಅನಿವಾರ್ಯವಾದರೆ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳಿ: ‘ನಂಗೆ ಕೇಳಿಸ್ಲಿಲ್ಲ, ನೀನು ಹೇಳಿದ್ದೇ ಇನ್ನೊಂದ್ಸಲ ಹೇಳು.’

ಇನ್ನೊಂದು ಸಣ್ಣ ಮಾತು. ಚಿಕ್ಕ ಮಕ್ಕಳ ‘ನಿನ್ನೆ’ಯನ್ನು ನಂಬಬೇಡಿ. ಹೋದ ತಿಂಗಳೂ ನಿನ್ನೆಯೇ, ಬೆಳಗ್ಗೆಯೂ ನಿನ್ನೆಯೇ. ‘ಯಾವಾಗ?’ ಅನ್ನುವ ಬದಲು ‘ಆಗ ಯಾರಿದ್ರು ಅಲ್ಲಿ?’ ಅಂದರೆ ದಿನ ತಾನಾಗಿ ಸಿಗುತ್ತದೆ.

ಕೇಳುತ್ತಾ ಕೂರಬಾರದ ಹೊತ್ತು

ಮೂರು ಪ್ರಶ್ನೆ ಕೇಳಿದ ಮೇಲೂ ಹತ್ತಿರ ಬಂದಿಲ್ಲ ಅಂದರೆ ನಾಲ್ಕನೆಯದನ್ನು ಕೇಳಬೇಡಿ, ದಾರಿ ಬದಲಿಸಿ. ‘ಮನೇಲಿ ಬೇರೆ ಯಾರಾದ್ರೂ ಇದಾರಾ, ಅವರ ಫೋನಲ್ಲಿ ಇದರ ಫೋಟೋ ತೆಗೆದು ಕಳಿಸ್ತಾರಾ?’ ಅನ್ನಿ. ಯಾರೂ ಇಲ್ಲದಿದ್ದರೆ, ಅವಸರವೂ ಇಲ್ಲದಿದ್ದರೆ, ಸಂಜೆಗೆ ಮುಂದೂಡಿ. ಉತ್ತರಗಳು ಚಿಕ್ಕದಾಗುತ್ತಾ ಬಂದು ‘ಹೋಗ್ಲಿ ಬಿಡಪ್ಪ, ನಿಂಗೂ ಕೆಲಸ ಇರುತ್ತೆ’ ಅಂದರೆ ಅವರಿಗೆ ಸುಸ್ತಾಗಿದೆ. ಆಗ ಕೇಳಿದ್ದಕ್ಕೆಲ್ಲ ‘ಹೂಂ’ ಬರುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಈ ತಾಳ್ಮೆಯನ್ನೆಲ್ಲ ಬದಿಗಿಡಬೇಕು. ಹಿರಿಯರು ‘ನಂಬರ್ ಬಂದಿದೆ, ಎಲ್ಲಿ ಹೇಳ್ಬೇಕು?’, ‘ಅವರು ಲೈನಲ್ಲೇ ಇದಾರೆ, ಏನೋ ಹಾಕ್ಕೊಳ್ಳಿ ಅಂತಿದಾರೆ’ ಅಂತ ಅರ್ಧಂಬರ್ಧ ಹೇಳಿದರೆ, ಯಾವ ನಂಬರು, ಯಾವ ಆಪ್ ಅಂತ ಬಿಡಿಸುತ್ತಾ ಕೂರಬೇಡಿ. ಅಷ್ಟರಲ್ಲಿ ಒಟಿಪಿ ಆ ಕಡೆಯವರ ಕೈ ಸೇರಿರುತ್ತದೆ. ಮೊದಲ ಮಾತು ಪ್ರಶ್ನೆಯಾಗಿರಬಾರದು. ‘ಯಾರಿಗೂ ಏನೂ ಹೇಳ್ಬೇಡಿ, ಏನೂ ಒತ್ತಬೇಡಿ, ಆ ಫೋನ್ ಇಟ್ಬಿಡಿ’ ಅನ್ನಿ. ಇಟ್ಟರು ಅಂತ ಖಾತ್ರಿಯಾದ ಮೇಲೆ, ನಿಧಾನವಾಗಿ ಕೇಳಿ: ‘ಈಗ ಹೇಳಿ, ಯಾರು ಫೋನ್ ಮಾಡಿದ್ರು?’